ಸೆರಗು ಅಚ್ಚಿಗಷ್ಟ ಸಾಕು

ತ್ರಿವೇಣಿಯವರ ಖರೆ ಹೆಸರು ಅನಸೂಯಾ ಶಂಕರ ಅಂತ ನಮ್ಮೊಳಗ ಎಷ್ಟು ಮಂದಿಗೆ ಗೊತ್ತದ? ಕಾವ್ಯನಾಮ ಇಟ್ಕೊಳ್ಳೋದು ಕಳ್ಳತನ ಅಲ್ರಿ. ಅತ್ತಿಮನಿ ಸುದ್ದಿ ಬರಿಯಾಕಿಗೆ ಅದೊಂದು ಸೆರಗು ಇದ್ದಂಗ. ಆದ್ರ ಆ ಸೆರಗನ್ನ ಬ್ಯಾಂಕಿನ ತನಕ ಎಳೀಬ್ಯಾಡ್ರಿ.

ನಾ ಎಳದಿದ್ದೆ. ಕತಿ ಕೆಳಗ ಬರೇ ಕಾವ್ಯನಾಮ ಬರದು ಕಳಿಸಿದ್ದೆ. ಪತ್ರಿಕಿಯವರು ಅದ ಹೆಸರಿಗೆ 500 ರೂಪಾಯಿ ಚೆಕ್ ಕಳಿಸಿದ್ರು. ಖಾತೆ ಹೆಸರು ಬ್ಯಾರೆ ಅಂತ ಬ್ಯಾಂಕಿನ್ಯಾಗ ತಗೊಳ್ಳಲಿಲ್ಲ. ಪತ್ರಿಕಿಯವರಿಗೆ ಹೇಳಾಕ ನಾಚಿ, ಸಾಸಿವಿ ಡಬ್ಬಿ ಕೆಳಗ ಇಟ್ಟು ಸುಮ್ಮನಾದೆ. ಮೂರು ತಿಂಗಳಿಗೆ ಚೆಕ್ಕಿನ ಅವಧೀನೂ ಮುಗೀತು.

ಈಗ ಕತಿ ಹಾಳಿ ಮ್ಯಾಲೆ ಕಾವ್ಯನಾಮ ಅಷ್ಟ. ಜೋಡಿಗೆ ಬ್ಯಾರೆ ಹಾಳಿ ಇಡತೀನಿ: ಪಾಸ್‌ಬುಕ್ಕಿನ್ಯಾಗ ಇದ್ದಂಗ ನನ್ನ ಹೆಸರು, ಖಾತೆ ನಂಬರ್, "ಹೆಸರು, ವಿಳಾಸ ಯಾರಿಗೂ ಕೊಡಬ್ಯಾಡ್ರಿ" ಅಂತ ಒಂದು ಸಾಲು. ಪುಸ್ತಕದ ಕರಾರಾದ್ರ ಖರೆ ಹೆಸರು ಬರಸಿ, ಮುಂದ "ಕಾವ್ಯನಾಮ ಇಂಥಾದ್ದು" ಅಂತ ಸೇರಸ್ರಿ. ಗುಟ್ಟು ಕಾಯೋ ಮಾತೂ ಅದರಾಗ ಇರಲಿ, ಬಾಯಿಮಾತು ನಂಬಬ್ಯಾಡ್ರಿ.

ಗಂಡನ ಖಾತೆಗೆ ಹಾಕಸೋದು ಸಸಾರ ಅಂತೀರಿ. ನನಗ ಅದು ಸೇರೂದಿಲ್ಲ. ಬರದಾಕಿ ನೀವು, ಗಳಿಕಿ ಅವರ ಲೆಕ್ಕಕ್ಕ ಹೋಗತದ. ನಿಮ್ಮ ಖಾತೆ ಮೆಸೇಜು ಅವರ ಮೊಬೈಲಿಗೆ ಬರತಿದ್ರ ಮಾತ್ರ ಮೊದಲ ಬ್ಯಾಂಕಿಗೆ ಹೋಗಿ ನಂಬರ್ ಬದಲಸ್ರಿ.