ಬಿದ್ದವರು ಒಬ್ಬರು, ಮುಖ ಇನ್ನೊಬ್ಬರದು

ಊರಿನ ಟಾಕೀಸಿನಲ್ಲಿ ಸಿನಿಮಾ ನೋಡಿ ಬೆಳೆದ ನಮಗೆ ಡ್ಯೂಪ್ ಹಿಡಿಯುವುದು ಒಂದು ಆಟವಾಗಿತ್ತು. ಹೀರೊ ಮಹಡಿಯಿಂದ ಹಾರುವಾಗ ಕ್ಯಾಮೆರಾ ದೂರ ಸರಿಯುತ್ತಿತ್ತು, ಹಾರುವವನ ಬೆನ್ನು ಮಾತ್ರ ಕಾಣುತ್ತಿತ್ತು, ವಿಗ್ ಸ್ವಲ್ಪ ಓರೆಯಾಗಿರುತ್ತಿತ್ತು. ಮುಂದಿನ ಬೆಂಚಿನಿಂದ ಯಾರೋ ಒಬ್ಬ ‘ಡ್ಯೂಪ್ ಕಣ್ರೋ’ ಎಂದು ಕೂಗುತ್ತಿದ್ದ. ಅದು ಗೇಲಿಯೇ ಇರಬಹುದು, ಆದರೆ ಹಾರಿದವನು ಬೇರೆ ಒಬ್ಬ ಎಂಬುದು ಆ ಕೂಗಿನಿಂದ ಇಡೀ ಟಾಕೀಸಿಗೆ ಗೊತ್ತಾಗುತ್ತಿತ್ತು.

ಈಗ ಆ ಕೂಗು ಏಳುವುದು ಕಷ್ಟ. ಸ್ಟಂಟ್ ಕಲಾವಿದರು ಬೀಳುತ್ತಾರೆ, ಕ್ಯಾಮೆರಾ ಹತ್ತಿರದಲ್ಲೇ ಇರುತ್ತದೆ, ಮುಖ ಮಾತ್ರ ನಟನದು. ಈ ಮುಖ ಬದಲಾವಣೆಯೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಆದರೆ ಯಾರ ಮುಖದ ಮೇಲೆ ಇನ್ನೊಬ್ಬರ ಮುಖ ಕೂರಿಸಲಾಗಿದೆಯೋ ಅವರ ಹೆಸರು ಪರದೆಯ ಮೇಲೆ ಸ್ಪಷ್ಟವಾಗಿ ಬರಬೇಕು. ಯಾಕೆ ಎಂಬುದು ಕೆಲಸ ನಡೆಯುವ ರೀತಿ ನೋಡಿದರೆ ತಿಳಿಯುತ್ತದೆ.

ಇದರ ಮೊದಮೊದಲ ಉದಾಹರಣೆಗಳಲ್ಲಿ ಹೆಸರಾದದ್ದು 1993ರ ‘ಜುರಾಸಿಕ್ ಪಾರ್ಕ್’. ಕೊನೆಯ ಭಾಗದಲ್ಲಿ ಲೆಕ್ಸ್ ಎಂಬ ಹುಡುಗಿ ಚಾವಣಿಯ ಹಲಗೆ ಕುಸಿದು ಜೋತುಬೀಳುತ್ತಾಳೆ, ಕೆಳಗಿನಿಂದ ರ‍್ಯಾಪ್ಟರ್ ಹಾರುತ್ತದೆ. ಜೋತುಬಿದ್ದದ್ದು ಸ್ಟಂಟ್ ಕಲಾವಿದೆ. ಕ್ಯಾಮೆರಾ ಮೇಲಿತ್ತು, ಆಕೆ ತಲೆ ಎತ್ತಿ ಮೇಲೆ ನೋಡಿಬಿಟ್ಟರು. ಮುಖ ಕಂಡಿತು. ಹಳೆಯ ಕಾಲವಾಗಿದ್ದರೆ ಆ ಶಾಟ್ ಕಸದ ಬುಟ್ಟಿಗೆ ಹೋಗುತ್ತಿತ್ತು. ಆದರೆ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಕಂಪನಿಯವರು ಅದರ ಮೇಲೆ ನಟಿ ಏರಿಯಾನಾ ರಿಚರ್ಡ್ಸ್ ಮುಖವನ್ನು ಕಂಪ್ಯೂಟರಿನಲ್ಲಿ ಕೂರಿಸಿದರು. ತೆರೆಯ ಮೇಲೆ ಅದು ಕ್ಷಣಮಾತ್ರ. ಆದರೂ ಒಂದು ಸೆಕೆಂಡಿಗೆ 24 ಫ್ರೇಮ್ ಇರುತ್ತವೆ, ಪ್ರತಿಯೊಂದರಲ್ಲೂ ತಲೆ ಸ್ವಲ್ಪ ಸ್ವಲ್ಪ ತಿರುಗಿರುತ್ತದೆ.

ಈ ದಾರಿಯ ಕೆಲಸ ಸ್ಥೂಲವಾಗಿ ಹೀಗೆ. ಸ್ಟಂಟ್ ಕಲಾವಿದರ ಮುಖದ ಮೇಲೆ ಸಣ್ಣ ಚುಕ್ಕೆ ಇಟ್ಟು ಶಾಟ್ ತೆಗೆಯುತ್ತಾರೆ. ಅದೇ ಜಾಗದಲ್ಲಿ ಒಂದು ಬೂದು ಗುಂಡು, ಒಂದು ಕನ್ನಡಿಯಂಥ ಗುಂಡು ಹಿಡಿದು ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ದಾಖಲಿಸುತ್ತಾರೆ. ಆಮೇಲೆ ನಟನನ್ನು ಕೂರಿಸಿ, ಅದೇ ಬೆಳಕು ಹೊಂದಿಸಿ, ತಲೆಯನ್ನು ಅದೇ ಕೋನಕ್ಕೆ ತಿರುಗಿಸಿ, ‘ಈಗ ಬೀಳುತ್ತಿದ್ದೀರಿ’ ಎಂದು ನಟಿಸಲು ಹೇಳುತ್ತಾರೆ. ಆ ಮುಖವನ್ನು ಡ್ಯೂಪ್ ತಲೆಯ ಚಲನೆಗೆ ಫ್ರೇಮ್ ಫ್ರೇಮಾಗಿ ಅಂಟಿಸಿ, ಕೂದಲಿನ ಅಂಚು, ದವಡೆ, ಕುತ್ತಿಗೆಯ ಹತ್ತಿರ ಬಣ್ಣ ಬೆರೆಸುತ್ತಾರೆ. ಇಲ್ಲಿ ಮೈ ಡ್ಯೂಪ್‌ನದು, ಆದರೆ ಮುಖದ ಭಾವ ನಟನದೇ. ಎಡವಟ್ಟಾಗುವುದೂ ಇಲ್ಲೇ. ಬೆನ್ನು ನೆಲಕ್ಕೆ ಅಪ್ಪಳಿಸುವ ಕ್ಷಣದಲ್ಲಿ ನಿಜವಾಗಿ ಬಿದ್ದವರ ಕೆನ್ನೆ ಅದುರುತ್ತದೆ, ಕಣ್ಣು ತಾನಾಗಿ ಮುಚ್ಚುತ್ತದೆ. ಕುರ್ಚಿಯಲ್ಲಿ ಕೂತು ನಟಿಸಿದ ಮುಖದಲ್ಲಿ ಅದು ಬರುವುದಿಲ್ಲ. ತಲೆಬುರುಡೆಯ ಮೇಲೆ ಮುಖ ತೇಲುತ್ತಿರುವಂತೆ ಕಾಣುತ್ತದೆ.

ಹೊಸ ದಾರಿ ಬೇರೆ. ಡ್ಯೂಪ್‌ ಮತ್ತು ನಟ, ಇಬ್ಬರ ಮುಖದ ಸಾವಿರಾರು ಚಿತ್ರಗಳನ್ನು ಕಂಪ್ಯೂಟರಿಗೆ ತೋರಿಸಿ ಕಲಿಸುತ್ತಾರೆ. ಅದರ ಒಂದು ಭಾಗ ಇಬ್ಬರಿಗೂ ಸಾಮಾನ್ಯವಾದದ್ದನ್ನು ಕಲಿಯುತ್ತದೆ: ತಲೆ ಎತ್ತ ತಿರುಗಿದೆ, ಬಾಯಿ ಎಷ್ಟು ತೆರೆದಿದೆ, ಹುಬ್ಬು ಎಷ್ಟು ಗಂಟಿಕ್ಕಿದೆ, ಬೆಳಕು ಎಲ್ಲಿಂದ ಬಿದ್ದಿದೆ. ಇನ್ನೆರಡು ಭಾಗಗಳು ಒಬ್ಬೊಬ್ಬರ ಮುಖವನ್ನು ಬರೆಯಲು ಕಲಿಯುತ್ತವೆ. ಕಲಿಕೆ ಮುಗಿದ ಮೇಲೆ ಡ್ಯೂಪ್‌ನ ಫ್ರೇಮ್ ಕೊಟ್ಟು, ನಟನ ಮುಖ ಬರೆಯುವ ಭಾಗದಿಂದ ಬರೆಸುತ್ತಾರೆ.

ನಮ್ಮ ತಕರಾರು ಹುಟ್ಟುವುದು ಇಲ್ಲಿಂದ. ಈ ದಾರಿಯಲ್ಲಿ ಮೂಗು, ಕಣ್ಣು, ತುಟಿ ನಟನವು, ಆದರೆ ಆ ತುಟಿ ಕಚ್ಚಿದ್ದು, ಕಣ್ಣು ಕಿವುಚಿದ್ದು, ಭಯದಲ್ಲಿ ಬಾಯಿ ತೆರೆದದ್ದು ಡ್ಯೂಪ್. ಮೊದಲು ಅವರಿಂದ ಮೈಯನ್ನಷ್ಟೇ ತೆಗೆದುಕೊಳ್ಳುತ್ತಿದ್ದೆವು, ಈಗ ನಟನೆಯನ್ನೂ ತೆಗೆದುಕೊಳ್ಳುತ್ತಿದ್ದೇವೆ. ಜೊತೆಗೆ, ಮುಖ ಮುಚ್ಚಿಡುವ ಅಗತ್ಯ ಇಲ್ಲದ ಕಾರಣ ಕ್ಯಾಮೆರಾ ಹತ್ತಿರ ಬರಬಹುದು, ಶಾಟ್ ಉದ್ದವಾಗಬಹುದು. ಹಾರುವುದರಿಂದ ಬೀಳುವ ತನಕ ಎಲ್ಲಿಯೂ ಕತ್ತರಿಸದೆ ಒಂದೇ ಶಾಟ್ ಬೇಕು ಎಂದರೆ, ಎಲ್ಲೋ ಒಂದು ಕಡೆ ತಪ್ಪಿದರೂ ಮತ್ತೆ ಮೇಲಿನಿಂದ ಹಾರಬೇಕು. ನಟ ಅಪಾಯದಿಂದ ಪಾರಾಗುವುದು ಒಳ್ಳೆಯದೇ. ಆದರೆ ಅಪಾಯ ಅಲ್ಲಿಂದ ಎದ್ದು ಹೋಗಿಲ್ಲ, ಅದನ್ನು ಹೊತ್ತವರ ಗುರುತು ಮಾತ್ರ ಹೋಗಿದೆ.

‘ಕಾಣದಂತೆ ಇರುವುದೇ ಡ್ಯೂಪ್ ಕೆಲಸ, ಅದಕ್ಕೇ ಸಂಬಳ’ ಎಂದು ಕೆಲವರು ಹೇಳುತ್ತಾರೆ. ಇಂಥ ಮಾತಿನಿಂದ ಏನಾಗುತ್ತದೆ ಎಂದು 2010ರ ‘ಬ್ಲ್ಯಾಕ್ ಸ್ವಾನ್’ ಸಿನಿಮಾದಲ್ಲಿ ನೋಡಿದ್ದೇವೆ. ಅಲ್ಲಿ ಇದ್ದದ್ದು ಸಾಹಸವಲ್ಲ, ಬ್ಯಾಲೆ ನೃತ್ಯ. ಆದರೆ ತಂತ್ರ ಇದೇ. ಸಾರಾ ಲೇನ್ ಎಂಬ ನರ್ತಕಿಯ ಮೈಗೆ ನಟಿ ನಟಾಲಿ ಪೋರ್ಟ್‌ಮನ್ ಮುಖ ಸೇರಿಸಿದ್ದರು. ಪೋರ್ಟ್‌ಮನ್‌ಗೆ ಆಸ್ಕರ್ ಬಂದ ಮೇಲೆ, ಪೂರ್ಣ ಮೈ ಕಾಣುವ ಕುಣಿತ ಬಹುಪಾಲು ತನ್ನದು ಎಂದು ಲೇನ್ ಹೇಳಿದರು. ನಿರ್ದೇಶಕ ಡ್ಯಾರೆನ್ ಅರೊನೊಫ್‌ಸ್ಕಿ ಲೆಕ್ಕ ಕೊಟ್ಟರು: ನೃತ್ಯದ ಶಾಟ್‌ಗಳು 139, ಅವುಗಳಲ್ಲಿ 111 ಪೋರ್ಟ್‌ಮನ್ ಅವರದೇ, 28 ಮಾತ್ರ ಲೇನ್ ಅವರದು. ಸೊಂಟದ ಮೇಲಿನ ಶಾಟನ್ನೂ, ತುದಿಗಾಲಲ್ಲಿ ಸುತ್ತುವ ಶಾಟನ್ನೂ ಒಂದೊಂದೇ ಎಂದು ಎಣಿಸಿದರೆ ಒಂದು ಉತ್ತರ, ಕಷ್ಟದ ಕುಣಿತವನ್ನಷ್ಟೇ ಎಣಿಸಿದರೆ ಇನ್ನೊಂದು. ಯಾವ ಶಾಟಿನಲ್ಲಿ ಯಾರ ಮೈ ಎಂದು ಸಿನಿಮಾ ತಾನೇ ಮೊದಲು ಹೇಳಿದ್ದರೆ ಈ ಜಗಳವೇ ಇರುತ್ತಿರಲಿಲ್ಲ.

ಇದಕ್ಕೆ ಮದ್ದು ನಮ್ಮ ಸಿನಿಮಾದಲ್ಲೇ ಇದೆ. ರಾಜ್‌ಕುಮಾರ್ ತುಟಿಯಾಡಿಸಿದ ಎಷ್ಟೋ ಹಾಡುಗಳ ದನಿ ಪಿ.ಬಿ. ಶ್ರೀನಿವಾಸ್ ಅವರದು. ಅದು ಎಲ್ಲರಿಗೂ ಗೊತ್ತಿತ್ತು. ಅದರಿಂದ ಅಣ್ಣಾವ್ರ ಅಭಿಮಾನ ಒಂದು ಕೂದಲೂ ಕಡಿಮೆಯಾಗಲಿಲ್ಲ. ಹಿನ್ನೆಲೆ ಗಾಯಕರಿಗೂ ಈ ಹೆಸರು ತಾನಾಗಿ ಬಂದದ್ದಲ್ಲ. 1949ರ ಹಿಂದಿ ಸಿನಿಮಾ ‘ಮಹಲ್’ನಲ್ಲಿ ಲತಾ ಮಂಗೇಶ್ಕರ್ ಹಾಡಿದ ಹಾಡಿನ ರೆಕಾರ್ಡ್ ಮೇಲೆ ಮೊದಲು ಅಚ್ಚಾದದ್ದು ಕಾಮಿನಿ ಎಂಬ ಪಾತ್ರದ ಹೆಸರು. ದನಿ ಕೊಟ್ಟವರಿಗೆ ಹೆಸರು ಕೊಡಲು ಕಲಿತ ಉದ್ಯಮ, ಮೈ ಕೊಟ್ಟವರಿಗೂ ಕೊಡಲು ಕಲಿಯಬಹುದು.

ಸಾಹಸ ನಿರ್ದೇಶನಕ್ಕೆ ರಾಷ್ಟ್ರ ಪ್ರಶಸ್ತಿ ಈಗ ಇದೆ. ಕನ್ನಡದ ‘ಅವನೇ ಶ್ರೀಮನ್ನಾರಾಯಣ’ದ ಹೊಡೆದಾಟಕ್ಕೆ ವಿಕ್ರಮ್ ಮೋರ್ ಅದನ್ನು ಪಡೆದಿದ್ದಾರೆ. 2027ರಲ್ಲಿ ತೆರೆಕಾಣುವ ಸಿನಿಮಾಗಳಿಂದ ಆಸ್ಕರ್ ಕೂಡ ಸ್ಟಂಟ್ ವಿನ್ಯಾಸಕ್ಕೆ ಪ್ರಶಸ್ತಿ ಕೊಡಲಿದೆ. ಸಂತೋಷ. ಆದರೆ ಇವು ಹೊಡೆದಾಟ ಹೆಣೆದವರಿಗೆ ಸಲ್ಲುವಂಥವು, ಬಿದ್ದವರಿಗಲ್ಲ. ಅವರಿಗೆ ಬೇಕಾದದ್ದು ಎರಡು ಸಾಲು. ನಿಮ್ಮ ಮುಖ ಬದಲಿಸುತ್ತೇವೆ, ಇಂಥಿಂಥ ಶಾಟ್‌ಗಳಲ್ಲಿ, ಎಂದು ಒಪ್ಪಂದದಲ್ಲಿ ಒಂದು ಸಾಲು. ಕೊನೆಯ ಹೆಸರುಪಟ್ಟಿಯಲ್ಲಿ ‘ಇಂಥ ಪಾತ್ರದ ಸಾಹಸ ಅಭಿನಯ ಇವರದು’ ಎಂದು ಇನ್ನೊಂದು. ಆ ಪಟ್ಟಿ ಬರುವ ಹೊತ್ತಿಗೆ ಕಥೆ ಮುಗಿದಿರುತ್ತದೆ, ಯಾರ ಭ್ರಮೆಯೂ ಒಡೆಯುವುದಿಲ್ಲ.

ಜಿಲ್ಲೆಯಿಂದ ಸುದ್ದಿ ಕಳಿಸುವ ನಮಗೆ ಈ ನೋವು ದೂರದ್ದಲ್ಲ. ಮಳೆಯಲ್ಲಿ ನೆನೆದು, ಒಡೆದ ಕೆರೆ ಏರಿಯ ಮೇಲೆ ನಿಂತು ಬರೆದ ವರದಿ ಮರುದಿನ ಬೇರೆಯವರ ಹೆಸರಿನಲ್ಲಿ ಅಚ್ಚಾದದ್ದನ್ನು ನಾವೂ ನೋಡಿದ್ದೇವೆ. ಒಂದೇ ಒಂದು ಪದ ಬದಲಾಗಿರಲಿಲ್ಲ, ಹೆಸರು ಮಾತ್ರ ಬದಲಾಗಿತ್ತು.

ಆ ಸಾಲುಗಳು ಬರುವ ತನಕ ಹಳೆಯ ಆಟವನ್ನು ನಾವೇ ಮುಂದುವರಿಸೋಣ. ಕಂಪ್ಯೂಟರ್ ಸಾಮಾನ್ಯವಾಗಿ ಬದಲಿಸುವುದು ಹುಬ್ಬಿನಿಂದ ಗಲ್ಲದ ತನಕ ಮಾತ್ರ. ಹಾಗೆ ಮಾಡಿದ ಶಾಟಿನಲ್ಲಿ ಕಿವಿ, ಕುತ್ತಿಗೆ, ಕೂದಲಿನ ಅಂಚು ಬಿದ್ದವರದ್ದೇ ಆಗಿ ಉಳಿಯುತ್ತವೆ. ಮುಖ ಪೂರ್ತಿ ಪಕ್ಕಕ್ಕೆ ತಿರುಗಿದಾಗ, ಅದರ ಮುಂದೆ ಕೈ ಹಾದುಹೋದಾಗ ಚಿತ್ರ ಒಂದು ಕ್ಷಣ ಮಸುಕಾಗುವುದುಂಟು. ಮುಂದಿನ ಸಲ ಹೀರೊ ಹಾರಿದಾಗ ಮುಖ ಬಿಟ್ಟು ಕಿವಿ ನೋಡಿ. ಬೇರೆಯವರದು ಅನ್ನಿಸಿದರೆ ಕೂಗಿ. ಈ ಸಲ ಗೇಲಿಗಲ್ಲ.