ಐದು ನಿಮಿಷ, ಒಂದೇ ವಿಷಯ

ತುಮಕೂರಿನಲ್ಲಿ ನಮ್ಮ ಭಾವನ ಇನ್ವರ್ಟರ್-ಬ್ಯಾಟರಿ ಅಂಗಡಿ ಇದೆ. ಜನ ಬ್ಯಾಟರಿಯನ್ನೂ ಆನ್‌ಲೈನಿನಲ್ಲೇ ತರಿಸಿಕೊಳ್ಳಲು ಶುರು ಮಾಡಿದ ಮೇಲೆ ವ್ಯಾಪಾರ ಇಳಿಯಿತು. ಹಾಗಾಗಿ ಭಾವ ಊರಿನ ವ್ಯಾಪಾರಿಗಳ ಬಳಗವೊಂದನ್ನು ಸೇರಿದರು. ವಾರಕ್ಕೊಮ್ಮೆ ಬೆಳಗ್ಗೆ ಏಳಕ್ಕೆ ಹೋಟೆಲ್ಲಿನಲ್ಲಿ ನಲವತ್ತು ಜನ ಸೇರಿ, ಇಡ್ಲಿ-ವಡೆ ತಿಂದು, ಒಬ್ಬರಿಗೊಬ್ಬರು ಗಿರಾಕಿ ಹುಡುಕಿಕೊಡುವ ಮಾತಾಡುತ್ತಾರೆ. ಪ್ರತಿ ವಾರ ಒಬ್ಬರಿಗೆ ಐದು ನಿಮಿಷದ ಭಾಷಣದ ಸರದಿ. ಲೆಕ್ಕ ಹಾಕಿ: ನಲವತ್ತು ಜನ, ನಲವತ್ತು ವಾರ. ಈ ಸಲ ಹಾಳಾದರೆ ಮುಂದಿನ ಅವಕಾಶಕ್ಕೆ ಒಂಬತ್ತು ತಿಂಗಳು ಕಾಯಬೇಕು.

ಭಾವ ಬರೆದು ಕಳಿಸಿದ ಭಾಷಣ ಎರಡು ಪುಟ ಇತ್ತು. ಅಂಗಡಿ ಶುರುವಾದ ವರ್ಷ, ಇಟ್ಟಿರುವ ಬ್ರಾಂಡುಗಳು, ಉಚಿತ ಇನ್‌ಸ್ಟಲೇಶನ್, ಸೋಲಾರ್ ಕೂಡ ಉಂಟು, ಕೊನೆಗೆ ಫೋನ್ ನಂಬರು ಎರಡು ಸಲ. ಒಂದೂ ಸುಳ್ಳಲ್ಲ. ಆದರೆ ಅಲ್ಲಿ ಕೂತಿರುವ ಫೋಟೋಗ್ರಾಫರ್, ಟೈಲ್ಸ್ ಅಂಗಡಿಯವರು, ದಂತವೈದ್ಯರು ಯಾರಿಗೂ ಅವತ್ತು ಬ್ಯಾಟರಿ ಬೇಕಾಗಿರುವುದಿಲ್ಲ. ಬೇಡದ ವಸ್ತುವಿನ ಮಾಹಿತಿಯನ್ನು ಮನಸ್ಸು ಹಿಡಿದಿಟ್ಟುಕೊಳ್ಳುವುದೂ ಇಲ್ಲ. ಆರು ತಿಂಗಳ ನಂತರ ಯಾರದೋ ಮನೆಯಲ್ಲಿ ಬ್ಯಾಟರಿ ಕೈಕೊಟ್ಟಾಗ ಇವರ ನೆನಪಾಗಬೇಕಾದರೆ, ಆ ಐದು ನಿಮಿಷದಲ್ಲಿ ಕೇಳುಗರ ಕೈಗೆ ಏನಾದರೂ ಸಿಕ್ಕಿರಬೇಕು.

"ಭಾವ, ಗಿರಾಕಿಗಳ ಮನೆಗೆ ಹೋದಾಗ ನೀವು ದಿನಾ ಹೇಳಿ ಹೇಳಿ ಸಾಕಾಗಿರೋ ಮಾತು ಯಾವುದು?" ಅಂತ ಕೇಳಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ನೀರು ನೋಡ್ರಪ್ಪಾ ಅನ್ನೋದು. ಬ್ಯಾಟರಿ ತಾನಾಗೇ ಸಾಯೋಕಿಂತ ಇವರು ನೀರು ಹಾಕದೆ ಸಾಯಿಸೋದೇ ಜಾಸ್ತಿ."

ವಿಷಯ ಸಿಕ್ಕಿತು. ಅದನ್ನು ಒಂದು ವಾಕ್ಯ ಮಾಡಿದೆವು: "ಎರಡು ತಿಂಗಳಿಗೊಮ್ಮೆ ಬ್ಯಾಟರಿಯ ನೀರಿನ ಮಟ್ಟ ನೋಡಿ, ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ." ಕೇಳಿದವರು ಇದನ್ನು ಅವತ್ತು ಸಂಜೆಯೇ ಮಾಡಬಹುದು. ಭಾವನ ಅಂಗಡಿಯಿಂದ ಏನನ್ನೂ ಕೊಳ್ಳಬೇಕಾಗಿಲ್ಲ. ಮನೆಗೆ ಹೋಗಿ ಹೆಂಡತಿಗೋ ಗಂಡನಿಗೋ ಒಂದೇ ಉಸಿರಿನಲ್ಲಿ ಹೇಳಲೂ ಬಹುದು.

ಭಾವನಿಗೆ ಅನುಮಾನ. "ಎಲ್ಲಾ ನಾನೇ ಹೇಳ್ಕೊಟ್ರೆ ಆಮೇಲೆ ನನ್ನನ್ಯಾಕಪ್ಪಾ ಕರೀತಾರೆ?"

ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ನಾವು ಆರಿಸಿಕೊಳ್ಳುವ ವಿಷಯದಲ್ಲೇ ಇರಬೇಕು. ಒಳ್ಳೆಯ ವಿಷಯಕ್ಕೆ ಒಂದು ಅಂಚು ಇರುತ್ತದೆ. ಅಲ್ಲಿಯವರೆಗೆ ಕೇಳುಗರೇ ಮಾಡಿಕೊಳ್ಳಬಹುದು, ಅದರಾಚೆಗೆ ತಿಳಿದವರು ಬೇಕು. ಬ್ಯಾಟರಿಯಲ್ಲಿ ಆ ಅಂಚು ಎಲ್ಲಿದೆ ಅಂತ ಕೇಳಿದಾಗ ಭಾವ ವಿವರಿಸಿದರು. ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಆರು ಸೆಲ್‌ಗಳಿರುತ್ತವೆ. ಆರರಲ್ಲೂ ನೀರು ಹೆಚ್ಚುಕಡಿಮೆ ಸಮನಾಗಿ ಇಳಿದರೆ ಅದು ಮಾಮೂಲು. ಒಂದರಲ್ಲಿ ಮಾತ್ರ ಪದೇ ಪದೇ ಬೇಗ ಇಳಿಯುತ್ತಿದ್ದರೆ ಆ ಸೆಲ್ಲಿನಲ್ಲೇ ಏನೋ ತೊಂದರೆ ಇರಬಹುದು. ನೀರು ತುಂಬಿಸಿ ಅದನ್ನು ಸರಿಮಾಡಲಾಗದು, ಮೀಟರ್ ಹಿಡಿದು ಪರೀಕ್ಷಿಸಬೇಕು. ಭಾವನ ಕೆಲಸ ಶುರುವಾಗುವುದು ಅಲ್ಲಿಂದ. ಅಂದರೆ ಭಾಷಣದ ಕೊನೆಯ ಮಾತೂ ಸಿಕ್ಕಿತು.

ಇನ್ನು ಸಮಯ. ಭಾವ ಹಳೆಯ ಎರಡು ಪುಟ ಓದಿದಾಗ ಮೊಬೈಲಿನ ಸ್ಟಾಪ್‌ವಾಚ್ ಏಳು ನಿಮಿಷ ದಾಟಿತ್ತು. ಅವರು ಆರಾಮಾಗಿ ಮಾತಾಡಿದರೆ ನಿಮಿಷಕ್ಕೆ ತೊಂಬತ್ತು ಪದ ಆಗುತ್ತದೆ. ಐದು ನಿಮಿಷಕ್ಕೆ ನಾನೂರೈವತ್ತು. ನಾವು ನಾನೂರಕ್ಕೆ ನಿಲ್ಲಿಸಿದೆವು. ಮೈಕ್ ಸರಿಮಾಡಿಕೊಳ್ಳುವುದು, ನಡುವೆ ಒಂದು ನಗು, ಇವಕ್ಕೂ ಜಾಗ ಬೇಕಲ್ಲ.

ಮೊದಲ ಅರ್ಧ ನಿಮಿಷಕ್ಕೆ ಭಾವ ನೋಡಿದ ಒಂದು ಪ್ರಸಂಗ. ಒಬ್ಬ ಟೈಲರ್ ಅಂಗಡಿಯ ಬ್ಯಾಟರಿ ಎರಡೇ ವರ್ಷಕ್ಕೆ ಸತ್ತಿತ್ತು, ಮುಚ್ಚಳ ತೆಗೆದರೆ ಒಳಗೆ ಪ್ಲೇಟುಗಳು ಒಣಗಿ ನಿಂತಿದ್ದವು. ಸ್ವಂತ ಪರಿಚಯ ಬೇಡ, ಹೆಸರನ್ನು ಕಾರ್ಯಕ್ರಮ ನಡೆಸುವವರು ಹೇಗೂ ಹೇಳಿರುತ್ತಾರೆ. ಪ್ರಸಂಗ ಮುಗಿದ ಕೂಡಲೇ ಆ ಒಂದು ವಾಕ್ಯ.

ಆಮೇಲೆ ಒಂದೂವರೆ ನಿಮಿಷ 'ಯಾಕೆ' ಅನ್ನುವುದಕ್ಕೆ. ಚಾರ್ಜ್ ಆಗುವಾಗ ನೀರಿನ ಸ್ವಲ್ಪ ಭಾಗ ಅನಿಲವಾಗಿ ಹೋಗುತ್ತದೆ, ಆಸಿಡ್ ಒಳಗೇ ಉಳಿಯುತ್ತದೆ. ಅದಕ್ಕೇ ಹಾಕಬೇಕಾದ್ದು ನೀರು, ಆಸಿಡ್ ಅಲ್ಲ. ನಲ್ಲಿ ನೀರಿನ ಲವಣ ಪ್ಲೇಟುಗಳನ್ನು ಕೆಡಿಸುತ್ತದೆ. ಕುಡಿಯುವ ಆರ್‌ಓ ನೀರಿನಲ್ಲೂ ಲವಣ ಪೂರ್ತಿ ಹೋಗಿರುವುದಿಲ್ಲ. ಮಟ್ಟ ತೀರಾ ಇಳಿದು ಪ್ಲೇಟು ಗಾಳಿಗೆ ತೆರೆದುಕೊಂಡರೆ, ಆಮೇಲೆ ಎಷ್ಟು ನೀರು ಹಾಕಿದರೂ ಹೋದ ಶಕ್ತಿ ಪೂರ್ತಿ ವಾಪಸ್ ಬರದು. ಇಷ್ಟು ಸಾಕು. ಭಾವ ಇಲ್ಲಿ ರಾಸಾಯನಿಕ ಸಮೀಕರಣ ಬರೆಯಲು ಹೊರಟಿದ್ದರು, ತಡೆದೆ.

'ಹೇಗೆ' ಅನ್ನುವುದಕ್ಕೆ ಇನ್ನೊಂದೂವರೆ ನಿಮಿಷ. ಇದಕ್ಕೆ ಸ್ಲೈಡ್ ಬೇಡ ಅಂತ ನಾನು ಹಟ ಹಿಡಿದೆ. ಬದಲಿಗೆ ಹಳೆಯ ಬ್ಯಾಟರಿಯ ಒಂದು ತೊಳೆದ ಮುಚ್ಚಳ ತೆಗೆದುಕೊಂಡು ಹೋಗಿ ಕೈಯಲ್ಲಿ ಹಿಡಿದು ತೋರಿಸುವುದು. ಅದರ ತೇಲುಕಡ್ಡಿಯ ಮೇಲೆ ಕೆಳಮಟ್ಟ, ಮೇಲ್ಮಟ್ಟದ ಗುರುತುಗಳಿರುತ್ತವೆ. ಇನ್ವರ್ಟರ್ ಆಫ್ ಮಾಡಿ, ಕಿಟಕಿ ತೆಗೆದು, ಹತ್ತಿರದಲ್ಲಿ ದೀಪ-ಊದುಬತ್ತಿ ಇಲ್ಲದಂತೆ ನೋಡಿಕೊಂಡು ಮುಚ್ಚಳ ತೆಗೆಯಬೇಕು. (ನಮ್ಮಲ್ಲಿ ದೇವರ ಮನೆ ಪಕ್ಕದಲ್ಲೇ ಬ್ಯಾಟರಿ ಇಟ್ಟಿರುವ ಮನೆಗಳು ಎಷ್ಟೋ!) ಮೇಲಿನ ಗುರುತು ದಾಟಿ ತುಂಬಿಸಿದರೆ ಚಾರ್ಜ್ ಆಗುವಾಗ ಆಸಿಡ್ ಉಕ್ಕುತ್ತದೆ.

ಉಳಿದ ಒಂದು ನಿಮಿಷದಲ್ಲಿ ಆ ಒಂಟಿ ಸೆಲ್ಲಿನ ಮಾತು, ಕೊನೆಗೆ ಹೀಗೆ: "ನಿಮ್ಮ ಪರಿಚಯದವರು ಯಾರಾದ್ರೂ 'ಒಂದೇ ಸೆಲ್ಲಿಗೆ ನೀರು ಹಾಕಿ ಹಾಕಿ ಸಾಕಾಯ್ತು' ಅಂದ್ರೆ ನನ್ನ ನಂಬರ್ ಕೊಡಿ." ಇದೂ ಮಾರಾಟದ ಮಾತೇ. ಆದರೆ 'ಯಾರಿಗಾದರೂ ಬ್ಯಾಟರಿ ಬೇಕಿದ್ದರೆ ಹೇಳಿ' ಅನ್ನುವುದಕ್ಕಿಂತ ಇದು ಚೆನ್ನಾಗಿ ನೆನಪಿರುತ್ತದೆ. ಯಾವ ಮಾತು ಕಿವಿಗೆ ಬಿದ್ದಾಗ ನಂಬರ್ ಕೊಡಬೇಕು ಅಂತ ಕೇಳಿದವರಿಗೆ ನಿಖರವಾಗಿ ಗೊತ್ತಿರುತ್ತದೆ.

ಸೋಲಾರ್ ಬಗ್ಗೆ ಒಂದೇ ಒಂದು ಸಾಲು ಸೇರಿಸೋಣ ಅಂತ ಭಾವ ಮೂರು ಸಲ ಕೇಳಿದರು. ಬೇಡವೇ ಬೇಡ ಅಂದೆ. ಇಂಥ ಭಾಷಣಗಳು ಕೆಡುವುದು ಹೆಚ್ಚಾಗಿ ಹೀಗೇ, ಎರಡನೇ ವಿಷಯದ ಒಂದು ಸಾಲಿನಿಂದ. ಆ ಸಾಲು ಬಂದ ಕೂಡಲೇ ಕೇಳುಗರಿಗೆ 'ಓ, ಇಷ್ಟೊತ್ತು ಪೀಠಿಕೆ, ಈಗ ವ್ಯಾಪಾರ' ಅನ್ನಿಸುತ್ತದೆ.

ಪರೀಕ್ಷೆಗೆ ಅಕ್ಕನ ಮುಂದೆ ಒಮ್ಮೆ ಮಾತಾಡಿಸಿದೆವು. ಚೆನ್ನಾಗಿತ್ತಾ ಅಂತ ಕೇಳಲಿಲ್ಲ, ಮನೆಯವರು ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ. ಮಾರನೇ ದಿನ ಫೋನ್ ಮಾಡಿ "ನಿನ್ನೆ ಭಾವ ಏನು ಹೇಳಿದ್ರು?" ಅಂತ ಕೇಳಿದೆ. "ಎರಡು ತಿಂಗಳಿಗೊಮ್ಮೆ ನೀರು ನೋಡಬೇಕಂತೆ, ಆರ್‌ಓ ನೀರು ಹಾಕಬಾರದಂತೆ" ಅಂದಳು. ಟೈಲರ್ ಕಥೆ ಮಾತ್ರ ನೆನಪಿದ್ದಿದ್ದರೆ ಪ್ರಸಂಗವನ್ನು ಕತ್ತರಿಸಬೇಕಿತ್ತು. ವಾಕ್ಯ ಉಳಿದಿತ್ತು, ಹಾಗೇ ಬಿಟ್ಟೆವು.

ಸಭೆಯ ದಿನ ಚಪ್ಪಾಳೆ ಎಲ್ಲರಿಗೂ ಸಿಗುವಷ್ಟೇ ಸಿಕ್ಕಿತಂತೆ. ಆದರೆ ಕಾಫಿ ಹೊತ್ತಿಗೆ ಬಂದವರು ರೇಟು ಕೇಳಲಿಲ್ಲ, ತಮ್ಮ ಬ್ಯಾಟರಿಯ ವಿಷಯ ಹೇಳಿಕೊಂಡರು. ಆ ವಾರದಲ್ಲೇ ಮೂವರು ತಮ್ಮ ಮನೆಯ ಬ್ಯಾಟರಿಯ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರು. ಒಬ್ಬರದರಲ್ಲಿ ನಾಲ್ಕನೇ ಸೆಲ್ ಮಾತ್ರ ತಳ ಕಂಡಿತ್ತು. ಭಾವ ಮೀಟರ್ ಹಿಡಿದು ಹೋಗಿ ಬಂದರು. ತೆರಿಗೆ ಸಲಹೆಗಾರರೊಬ್ಬರು ಮಾತ್ರ "ನಮ್ಮ ಆಫೀಸಿನ ಯುಪಿಎಸ್ ಬ್ಯಾಟರಿಗೆ ಮುಚ್ಚಳವೇ ಇಲ್ವಲ್ಲಾ?" ಅಂತ ಕೇಳಿದರಂತೆ. ಅದು ಸೀಲ್ ಮಾಡಿದ ಬ್ಯಾಟರಿ, ತೆರೆಯಲೂಬಾರದು, ನೀರು ಹಾಕಲೂಬಾರದು. ಈಗ ಭಾವನ ಟಿಪ್ಪಣಿಯಲ್ಲಿ, 'ಹೇಗೆ' ಅನ್ನುವ ಭಾಗದ ಮೊದಲ ಸಾಲಾಗಿ ಕೆಂಪು ಪೆನ್ನಿನಲ್ಲಿ ಅದೂ ಸೇರಿದೆ.