ಶೇ. 95 ಖಾತ್ರಿ ಎಂದರೆ ‘ಇದಕ್ಕಿಂತ ಹೆಚ್ಚು ನಷ್ಟವಾಗುವುದಿಲ್ಲ’ ಎಂದೇ?

ಷೇರು ಮತ್ತು ಮ್ಯೂಚುವಲ್ ಫಂಡ್ ಬಗ್ಗೆ ಹರಿದಾಡುವ ಫಾರ್ವರ್ಡ್‌ಗಳಲ್ಲಿ ಈ ಬಗೆಯ ಸಾಲು ಕಾಣಿಸುತ್ತದೆ: ‘ನಿಮ್ಮ 10 ಲಕ್ಷಕ್ಕೆ ಗರಿಷ್ಠ ನಷ್ಟ 11 ಸಾವಿರ ಮಾತ್ರ, ಕಂಪ್ಯೂಟರ್ ಲೆಕ್ಕ, ಶೇ. 95 ಖಾತ್ರಿ.’ ಈ ಲೆಕ್ಕ ಸುಳ್ಳಲ್ಲ. ಬ್ಯಾಂಕುಗಳು ದಿನವೂ ಇದನ್ನು ಮಾಡುತ್ತವೆ. ನಮ್ಮ ಷೇರು ವಿನಿಮಯ ಕೇಂದ್ರಗಳು ವಹಿವಾಟುದಾರರಿಂದ ಪಡೆಯುವ ಮಾರ್ಜಿನ್ ಹಣದಲ್ಲೂ ಇದೇ ಹೆಸರಿನ ಒಂದು ಭಾಗವಿದೆ. ಇದರ ಹೆಸರು ‘ವ್ಯಾಲ್ಯೂ ಅಟ್ ರಿಸ್ಕ್’. ಸುಳ್ಳಾಗಿರುವುದು ‘ಗರಿಷ್ಠ’ ಎಂಬ ಒಂದು ಪದ. ಅದು ಹೇಗೆಂದು ತಿಳಿಯಲು ಆ 11 ಸಾವಿರ ಎಲ್ಲಿಂದ ಬಂತು ಎಂದು ನೋಡೋಣ.

ಒಬ್ಬರ ಬಳಿ 10 ಲಕ್ಷ ರೂಪಾಯಿ ಇದೆ ಎಂದುಕೊಳ್ಳೋಣ. 6 ಲಕ್ಷ ನಿಫ್ಟಿ ಇಂಡೆಕ್ಸ್ ಫಂಡ್‌ನಲ್ಲಿ, 4 ಲಕ್ಷ ಚಿನ್ನದ ಇಟಿಎಫ್‌ನಲ್ಲಿ. ನಾಳೆ ಒಂದೇ ದಿನದಲ್ಲಿ ಎಷ್ಟು ಕಳೆದುಕೊಳ್ಳಬಹುದು? ಇದಕ್ಕೆ ಉತ್ತರ ಹುಡುಕಲು ಎರಡು ದಾರಿಗಳಿವೆ.

ಮೊದಲ ದಾರಿ: ಹಳೆಯ ದಿನಗಳನ್ನು ಮತ್ತೆ ಓಡಿಸುವುದು

ಕಳೆದ 500 ವಹಿವಾಟಿನ ದಿನಗಳಲ್ಲಿ, ಅಂದರೆ ಸುಮಾರು ಎರಡು ವರ್ಷಗಳಲ್ಲಿ, ನಿಫ್ಟಿ ಮತ್ತು ಚಿನ್ನ ಪ್ರತಿದಿನ ಶೇಕಡಾ ಎಷ್ಟು ಏರಿದವು, ಎಷ್ಟು ಇಳಿದವು ಎಂದು ಬರೆದುಕೊಳ್ಳುತ್ತೇವೆ. ಆ ಪ್ರತಿಯೊಂದು ದಿನವನ್ನೂ ಇವತ್ತಿನ ಹಣದ ಮೇಲೆ ಹಾಕಿ ನೋಡುತ್ತೇವೆ. ಒಂದು ದಿನ ನಿಫ್ಟಿ ಶೇ. 2 ಇಳಿದು, ಚಿನ್ನ ಶೇ. 0.5 ಏರಿದ್ದರೆ, 6 ಲಕ್ಷದಲ್ಲಿ 12,000 ಹೋಗಿ, 4 ಲಕ್ಷಕ್ಕೆ 2,000 ಸೇರುತ್ತದೆ. ಆ ದಿನದ ಲೆಕ್ಕ 10,000 ರೂ. ನಷ್ಟ. ಎರಡಕ್ಕೂ ಒಂದೇ ದಿನದ ಅಂಕಿಯನ್ನು ತೆಗೆದುಕೊಳ್ಳುವುದು ಇಲ್ಲಿ ಮುಖ್ಯ. ಷೇರು ಬಿದ್ದ ದಿನ ಚಿನ್ನ ಕೈಹಿಡಿಯಿತೋ ಇಲ್ಲವೋ ಎಂಬುದು ಹೀಗೆ ತಾನಾಗಿಯೇ ಲೆಕ್ಕಕ್ಕೆ ಬರುತ್ತದೆ.

ಈಗ 500 ಉತ್ತರಗಳು ಸಿಕ್ಕವು. ಅತಿ ದೊಡ್ಡ ನಷ್ಟದಿಂದ ಶುರುಮಾಡಿ ಸಾಲಾಗಿ ಜೋಡಿಸುತ್ತೇವೆ. 500ರಲ್ಲಿ ಶೇ. 5 ಎಂದರೆ 25. ಸಾಲಿನ 25ನೆಯ ನಷ್ಟವೇ ಶೇ. 95 ಮಟ್ಟದ ಉತ್ತರ. ಅದು 11,000 ರೂ. ಎಂದುಕೊಳ್ಳಿ. ಇದರ ಅರ್ಥ, 500 ದಿನಗಳಲ್ಲಿ ಸುಮಾರು 475 ದಿನ ನಷ್ಟ ಇದಕ್ಕಿಂತ ಕಡಿಮೆ ಇತ್ತು. ಉಳಿದ ದಿನ 11,000 ದಾಟಿತ್ತು. ಎಷ್ಟು ದಾಟಿತ್ತು ಎಂಬುದನ್ನು ಈ ಸಂಖ್ಯೆ ಹೇಳುವುದೇ ಇಲ್ಲ. 24 ಕೆಟ್ಟ ದಿನಗಳ ನಷ್ಟ ತಲಾ 12,000 ಇದ್ದರೂ, ತಲಾ 70,000 ಇದ್ದರೂ, 25ನೆಯದು 11,000 ಆಗಿಯೇ ಇರುತ್ತದೆ.

ಎರಡನೆಯ ದಾರಿ: ಚೀಟಿ ಎತ್ತುವುದು

ಇದನ್ನು ಮಾಂಟೆ ಕಾರ್ಲೊ ವಿಧಾನ ಎನ್ನುತ್ತಾರೆ. ಜೂಜಿನ ಮನೆಗೆ ಹೆಸರಾದ ಊರಿನ ಹೆಸರು ಅದು. ಇಲ್ಲಿ ಹಳೆಯ ದಿನಗಳನ್ನು ನೇರವಾಗಿ ಬಳಸುವುದಿಲ್ಲ. ಅವುಗಳಿಂದ ಮೂರು ಸಂಗತಿಗಳನ್ನು ಮಾತ್ರ ತೆಗೆಯುತ್ತೇವೆ: ಸರಾಸರಿ ಏರಿಕೆ ಎಷ್ಟು, ದಿನದ ಏರಿಳಿತ ಸಾಮಾನ್ಯವಾಗಿ ಎಷ್ಟು, ಎರಡೂ ಒಟ್ಟಿಗೆ ಚಲಿಸುತ್ತವೆಯೇ. ನಂತರ ಕಂಪ್ಯೂಟರ್ ಲಾಟರಿ ಚೀಟಿ ಎತ್ತಿದಂತೆ 10,000 ‘ನಾಳೆ’ಗಳನ್ನು ಕಲ್ಪಿಸುತ್ತದೆ. ಅವುಗಳ ಫಲಿತಾಂಶವನ್ನು ಸಾಲಾಗಿ ಜೋಡಿಸಿ 500ನೆಯ ಕೆಟ್ಟ ನಷ್ಟವನ್ನು ಓದುತ್ತೇವೆ.

ದಿನದ ಏರಿಳಿತ ನಿಫ್ಟಿಗೆ ಶೇ. 1, ಚಿನ್ನಕ್ಕೆ ಶೇ. 0.8, ಒಂದರ ಚಲನೆಗೂ ಇನ್ನೊಂದಕ್ಕೂ ಸಂಬಂಧವಿಲ್ಲ, ಸರಾಸರಿ ಏರಿಕೆ ಸೊನ್ನೆ ಎಂದು ಇಟ್ಟುಕೊಳ್ಳೋಣ. ರೂಪಾಯಿಯಲ್ಲಿ 6,000 ಮತ್ತು 3,200. ಎರಡೂ ಒಂದೇ ದಿನ ಬೀಳಬೇಕೆಂದಿಲ್ಲವಾದ್ದರಿಂದ ಒಟ್ಟು ಏರಿಳಿತ 9,200 ಆಗದೆ 6,800ಕ್ಕೆ ನಿಲ್ಲುತ್ತದೆ. ಚೀಟಿಗಳು ಗಂಟೆಯಾಕಾರದ ವಕ್ರರೇಖೆಯನ್ನು ಅನುಸರಿಸಿದರೆ, ಶೇ. 95ರ ಗೆರೆ ಈ ಏರಿಳಿತದ ಸುಮಾರು 1.65 ಪಟ್ಟಿನಲ್ಲಿ ಬೀಳುತ್ತದೆ. ಅದು ಸುಮಾರು 11,200 ರೂ. ಫಾರ್ವರ್ಡ್‌ನ ‘11 ಸಾವಿರ’ ಹುಟ್ಟುವುದು ಹೀಗೆ.

ಎಲ್ಲಿ ಎಡವುತ್ತದೆ?

2020ರ ಮಾರ್ಚ್ 23ರಂದು, ಕೋವಿಡ್ ಭೀತಿಯಲ್ಲಿ, ನಿಫ್ಟಿ ಒಂದೇ ದಿನ ಸುಮಾರು ಶೇ. 13 ಕುಸಿಯಿತು. ನಮ್ಮ ಉದಾಹರಣೆಯ 6 ಲಕ್ಷದಲ್ಲಿ ಅದು 78,000 ರೂ. ನಷ್ಟ. 11 ಸಾವಿರದ ಏಳು ಪಟ್ಟು!

ಎರಡೂ ದಾರಿಗಳು ಇದನ್ನು ಕಾಣದೇ ಹೋಗುತ್ತಿದ್ದವು, ಆದರೆ ಬೇರೆ ಬೇರೆ ಕಾರಣಕ್ಕೆ. ಫೆಬ್ರವರಿ ಕೊನೆಯಲ್ಲಿ ಕುಳಿತು ಹಿಂದಿನ 500 ದಿನ ತಿರುಗಿಸಿ ನೋಡಿದರೆ, ನಿಫ್ಟಿ ಶೇ. 5 ಬಿದ್ದ ಒಂದು ದಿನವೂ ಅದರಲ್ಲಿಲ್ಲ. ಹಳೆಯ ದಿನಗಳ ದಾರಿಗೆ ತಾನು ಕಂಡದ್ದಷ್ಟೇ ಗೊತ್ತು. ಕಾಣದ ಕುಸಿತವನ್ನು ಅದು ಹೇಳಲಾರದು. ಚೀಟಿಯ ದಾರಿಯ ತೊಂದರೆ ವಕ್ರರೇಖೆಯಲ್ಲಿದೆ. ದಿನದ ಏರಿಳಿತ ಶೇ. 1 ಇದ್ದಾಗ ಶೇ. 13ರ ಕುಸಿತ ಎಂದರೆ ಹದಿಮೂರು ಪಟ್ಟು. ಗಂಟೆಯಾಕಾರದ ರೇಖೆಯ ಪ್ರಕಾರ ಅಂಥ ದಿನ ವಿಶ್ವದ ಇಡೀ ಆಯುಷ್ಯದಲ್ಲೂ ಬರಬಾರದು. ಆದರೆ 2004ರ ಮೇ 17ರಂದು, ಚುನಾವಣಾ ಫಲಿತಾಂಶದ ಬೆನ್ನಲ್ಲಿ, ನಿಫ್ಟಿ ಶೇ. 12ರಷ್ಟು ಬಿದ್ದಿತ್ತು. ಹದಿನಾರು ವರ್ಷಗಳಲ್ಲಿ ಕನಿಷ್ಠ ಎರಡು ಸಲ! 10,000 ಚೀಟಿಯ ಬದಲು ಒಂದು ಕೋಟಿ ಎತ್ತಿದರೂ ಈ ತಪ್ಪು ಸರಿಹೋಗುವುದಿಲ್ಲ. ರೇಖೆಯನ್ನೇ ಬದಲಿಸಿ, ದೊಡ್ಡ ಕುಸಿತಗಳಿಗೆ ಹೆಚ್ಚು ಜಾಗ ಕೊಡುವ ರೇಖೆಯನ್ನು ಬಳಸಬೇಕು.

ಇನ್ನೊಂದು ವಿಚಿತ್ರವೂ ಇದೆ. ಮಾರ್ಚ್ 2020ರ ದಿನಗಳು ಒಮ್ಮೆ ಪಟ್ಟಿಗೆ ಸೇರಿದ ಮೇಲೆ ಎರಡು ವರ್ಷ ಅಲ್ಲೇ ಇರುತ್ತವೆ. ನಂತರ ಒಂದೊಂದಾಗಿ ಹೊರಬೀಳುತ್ತವೆ. ಆಗ ನಿಮ್ಮ ಹೂಡಿಕೆ ಬದಲಾಗದಿದ್ದರೂ ನಷ್ಟದ ಅಂದಾಜು ಇಳಿಯುತ್ತದೆ. ‘ಈಗ ಅಪಾಯ ಕಡಿಮೆಯಾಗಿದೆ’ ಎಂಬ ಸುದ್ದಿಯ ಹಿಂದೆ ಕೆಲವೊಮ್ಮೆ ಇಷ್ಟೇ ಇರುತ್ತದೆ.

ಸಂಖ್ಯೆ ಸರಿಯಿದೆಯೇ ಎಂದು ತಿಳಿಯುವುದು ಹೇಗೆ?

ಎಣಿಸಿದರೆ ಸಾಕು. ವರ್ಷಕ್ಕೆ ಸುಮಾರು 250 ವಹಿವಾಟಿನ ದಿನಗಳು. ಶೇ. 95ರ ಗೆರೆಯನ್ನು ನಷ್ಟ ಸುಮಾರು 12 ದಿನ ದಾಟಬೇಕು. 25 ದಿನ ದಾಟಿದರೆ ಅಂದಾಜು ತೀರಾ ಚಿಕ್ಕದು. ಒಮ್ಮೆಯೂ ದಾಟದಿದ್ದರೆ ತೀರಾ ದೊಡ್ಡದು. ದಾಟಿದ ದಿನಗಳೆಲ್ಲ ಒಂದೇ ವಾರದಲ್ಲಿ ಒತ್ತೊತ್ತಾಗಿ ಬಂದಿದ್ದರೆ, ಮಾರುಕಟ್ಟೆ ಬದಲಾದದ್ದು ಲೆಕ್ಕಕ್ಕೆ ತಡವಾಗಿ ತಿಳಿಯುತ್ತಿದೆ ಎಂದರ್ಥ. ಬ್ಯಾಂಕುಗಳಿಗೆ ಬಾಸೆಲ್ ಸಮಿತಿ ಇದೇ ಎಣಿಕೆಯನ್ನು ನಿಯಮ ಮಾಡಿತು. ಶೇ. 99ರ ಗೆರೆಯನ್ನು 250 ದಿನಗಳಲ್ಲಿ ನಾಲ್ಕರವರೆಗೆ ದಾಟಿದರೆ ಹಸಿರು ವಲಯ, ಐದರಿಂದ ಒಂಬತ್ತು ಹಳದಿ, ಹತ್ತು ಅಥವಾ ಹೆಚ್ಚಾದರೆ ಕೆಂಪು.

ಗೆರೆಯಾಚೆ ಏನಿದೆ ಎಂದು ತಿಳಿಯಲೂ ಸುಲಭದ ದಾರಿಯಿದೆ. 25ನೆಯ ನಷ್ಟವೊಂದನ್ನೇ ಓದುವ ಬದಲು, ಕೆಟ್ಟ 25 ದಿನಗಳ ನಷ್ಟದ ಸರಾಸರಿ ತೆಗೆದರಾಯಿತು. ಬಾಸೆಲ್ ಸಮಿತಿ ಮುಂದೆ ಬ್ಯಾಂಕುಗಳ ಬಂಡವಾಳದ ಲೆಕ್ಕಕ್ಕೆ ಈ ಬಗೆಯ ಸರಾಸರಿಯನ್ನೇ ಆರಿಸಿಕೊಂಡಿತು.

ಹಾಗಾಗಿ ಇಂಥ ಫಾರ್ವರ್ಡ್ ಬಂದರೆ ಮೂರು ವಿಷಯ ಹುಡುಕಿ: ಈ ನಷ್ಟ ಒಂದು ದಿನದ್ದೋ, ಒಂದು ತಿಂಗಳದ್ದೋ? ಲೆಕ್ಕಕ್ಕೆ ಯಾವ ವರ್ಷಗಳ ಅಂಕಿ ಬಳಸಿದ್ದಾರೆ? ಗೆರೆ ದಾಟಿದ ದಿನ ಸರಾಸರಿ ಎಷ್ಟು ಹೋಗುತ್ತದೆ? ಈ ಮೂರೂ ಇಲ್ಲದಿದ್ದರೆ, ಆ ‘11 ಸಾವಿರ’ ಎಂದರೆ ಇಪ್ಪತ್ತು ದಿನಕ್ಕೊಮ್ಮೆ ದಾಟಬಹುದಾದ ಒಂದು ಗೆರೆ ಅಷ್ಟೇ. ಮಗಳ ಕಾಲೇಜು ಫೀಸಿಗೆ ಮುಂದಿನ ತಿಂಗಳು ಬೇಕಾದ ಹಣವನ್ನು ಆ ಗೆರೆಯನ್ನು ನಂಬಿ ಷೇರಿನಲ್ಲಿ ಇಡಬೇಡಿ.